ಫ್ಯಾನ್ ಹಚ್ಚಿದರೆ ಥರ್ಮಾಮೀಟರ್ ಇಳಿಯುತ್ತದೆಯೇ?

ಪ್ರಶ್ನೆ: ನಾನು ಬೆಂಗಳೂರಿನಲ್ಲಿ ಮೋಡ ಮತ್ತು ಮಳೆಯ ಬಗ್ಗೆ ಸಂಶೋಧನೆ ಮಾಡುತ್ತೇನೆ. ಊರು ಮಲೆನಾಡಿನ ಕಡೆ. ರಾಷ್ಟ್ರೀಯ ವಿಜ್ಞಾನ ದಿನಕ್ಕೆ, ಅಂದರೆ ಫೆಬ್ರವರಿ 28ಕ್ಕೆ, ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಗೆ ಕರೆದಿದ್ದಾರೆ. 8ರಿಂದ 10ನೇ ತರಗತಿಯವರು, ಸುಮಾರು 120 ಮಕ್ಕಳು, ಒಂದು ಗಂಟೆ ಸಮಯ. ಮಕ್ಕಳ ದಿನನಿತ್ಯದ ಬದುಕಿನಿಂದಲೇ ಉದಾಹರಣೆ ಕೊಡಿ ಎಂದು ಮುಖ್ಯಶಿಕ್ಷಕರು ಹೇಳಿದ್ದಾರೆ. ಬಿದ್ರಿ ಕಲೆ, ಶಹಾಬಾದ್ ಕಲ್ಲು, ತೊಗರಿ ಎಂದು ಬರೆದಿಟ್ಟುಕೊಂಡಿದ್ದೇನೆ. ಆಯ್ಕೆ ಸರಿ ಇದೆಯೇ? ಇವುಗಳಿಂದ ನನ್ನ ಮೋಡದ ವಿಷಯಕ್ಕೆ ಹೇಗೆ ಬರಲಿ?

ಉತ್ತರ: ಮೂರೂ ಒಳ್ಳೆಯವೇ. ಆದರೆ ನಿಮ್ಮ ಭಾಷಣಕ್ಕೆ ಮೂರೂ ಬೇಡ.

ಬಿದ್ರಿಯಲ್ಲಿ ಸೊಗಸಾದ ರಸಾಯನಶಾಸ್ತ್ರವಿದೆ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಹಾಗೇ ಹೊಳೆಯುತ್ತದೆ. ಆದರೆ ಚಿತ್ತಾಪುರ ಕಡೆಯ ಹಳ್ಳಿಯ ಹುಡುಗ ಅದನ್ನು ಕೈಯಲ್ಲಿ ಹಿಡಿದಿರುವುದು ಅಪರೂಪ. ಅದು ಊರಿಗೆ ಬಂದ ದೊಡ್ಡವರಿಗೆ ಕೊಡುವ ವಸ್ತು. ನಮ್ಮ ಭಾಗದ ಹೆಮ್ಮೆಯೇ ಬೇರೆ, ಮಕ್ಕಳ ದಿನನಿತ್ಯವೇ ಬೇರೆ. ಹೊರಗಿನಿಂದ ಬರುವವರು ಇವೆರಡನ್ನೂ ಒಂದೇ ಅಂದುಕೊಳ್ಳುವುದು ಜಾಸ್ತಿ.

ತೊಗರಿಯಂತೂ ಮಕ್ಕಳಿಗೆ ಚೆನ್ನಾಗಿ ಗೊತ್ತು. ಬೇರಿನ ಗಂಟು ತೋರಿಸಿ ಸಾರಜನಕದ ಕಥೆ ಹೇಳಬಹುದು. ಆದರೆ ಫೆಬ್ರವರಿ ಕೊನೆಗೆ ಕಟಾವು ಮುಗಿದು ಹೊಲ ಖಾಲಿ ಇರುತ್ತದೆ. ಕಿತ್ತು ತೋರಿಸಲು ಹಸಿ ಗಿಡ ಸಿಗುವುದಿಲ್ಲ. ಶಹಾಬಾದ್ ಕಲ್ಲು ಈ ಮೂರರಲ್ಲಿ ಗಟ್ಟಿ ಉದಾಹರಣೆ. ಮಕ್ಕಳು ಕೂರುವ ನೆಲವೇ ಅದು. ಸುಣ್ಣದ ಕಲ್ಲಾದ್ದರಿಂದ ಆಮ್ಲ ಬಿದ್ದರೆ ಗುಳ್ಳೆ ಏಳುತ್ತದೆ. ಇದೇ ಸುಣ್ಣದ ಕಲ್ಲು ಇರುವುದರಿಂದಲೇ ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳಿವೆ. ಭೂವಿಜ್ಞಾನಿ ಬಂದಿದ್ದರೆ ನಾನೇ ಅದನ್ನು ಹೇಳುತ್ತಿದ್ದೆ. ನೀವು ಮೋಡದವರು. ಕಲ್ಲಿನಿಂದ ಮೋಡಕ್ಕೆ ಹೋಗಲು ದಾರಿ ಇಲ್ಲ. ಸುಮ್ನೆ ಎಳೆದುಕೊಂಡು ಹೋದರೆ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ.

ನಾನು ಉದಾಹರಣೆ ಆರಿಸುವಾಗ ಮೊದಲು ನೋಡುವುದು, ಮಕ್ಕಳು ಅದನ್ನು ನಿನ್ನೆ ಮುಟ್ಟಿದ್ದಾರೆಯೇ ಎಂದು. ಮುಟ್ಟಿದ್ದರೆ ಸಾಲದು. ಅದರ ಬಗ್ಗೆ ಅವರು ಧೈರ್ಯವಾಗಿ ಒಂದು ಊಹೆ ಹೇಳಬೇಕು, ಆ ಊಹೆ ಅವರ ಕಣ್ಣೆದುರೇ ತಪ್ಪಾಗಬೇಕು. ಆಮೇಲೆ ಅದೇ ದಾರಿ ಹಿಡಿದು ನಿಮ್ಮ ಕೆಲಸದವರೆಗೆ ನಡೆದು ಹೋಗಲು ಆಗಬೇಕು. ಮೋಡದವರಿಗೆ ಈ ಭಾಗದಲ್ಲಿ ಅಂಥದ್ದು ಒಂದಿದೆ: ಕುಡಿಯುವ ನೀರಿನ ಮಣ್ಣಿನ ಗಡಿಗೆ. ಒಂದು ಗಂಟೆಗೆ ಅದೊಂದೇ ಸಾಕು.

ಇಲ್ಲಿ ನಿಮಗೆ ಒಂದು ಅನುಮಾನ ಬರಬಹುದು. ಗಡಿಗೆ ನೀರು ಯಾಕೆ ತಣ್ಣಗಿರುತ್ತದೆ ಎನ್ನುವುದು 9ನೇ ತರಗತಿಯ ಪಾಠದಲ್ಲೇ ಇದೆಯಲ್ಲ ಎಂದು. ಹೌದು, ಇದೆ. ಅದಕ್ಕೇ ಗಡಿಗೆಯಿಂದ ಶುರು ಮಾಡಬೇಡಿ. ಶುರು ಮಾಡಿದರೆ ಮುಂದಿನ ಸಾಲಿನ ಹುಡುಗಿ ಎದ್ದು ನಿಂತು ‘ಬಾಷ್ಪೀಕರಣ’ ಎನ್ನುತ್ತಾಳೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ, ಮಾತು ಅಲ್ಲಿಗೇ ಮುಗಿಯುತ್ತದೆ. ಫ್ಯಾನಿನಿಂದ ಶುರು ಮಾಡಿ.

ಶಾಲೆಯ ಪ್ರಯೋಗಾಲಯದಿಂದ ಎರಡು ಥರ್ಮಾಮೀಟರ್ ತರಿಸಿ. ಕೆಂಪು ದ್ರವದ, ಮರದ ಪೆಟ್ಟಿಗೆಯಲ್ಲೋ ಕೊಳವೆಯಲ್ಲೋ ಇಟ್ಟಿರುವಂಥವು. ಜ್ವರ ನೋಡುವ ಥರ್ಮಾಮೀಟರ್ ನಡೆಯುವುದಿಲ್ಲ, ಅದರ ಅಳತೆ 35 ಡಿಗ್ರಿಯಿಂದ ಶುರುವಾಗುತ್ತದೆ. ಭಾಷಣಕ್ಕೆ ಅರ್ಧ ಗಂಟೆ ಮೊದಲೇ ಎರಡನ್ನೂ ಅದೇ ಕೋಣೆಯಲ್ಲಿ, ಬಿಸಿಲು ಬೀಳದ ಕಡೆ, ದಾರದಿಂದ ನೇತುಹಾಕಿ. ಒಂದಕ್ಕೊಂದು ಸರಿಯಾಗಿ ತೋರಿಸುತ್ತಿವೆಯೇ ನೋಡಿಕೊಳ್ಳಿ. ಶಾಲೆಯ ಥರ್ಮಾಮೀಟರ್‌ಗಳಲ್ಲಿ ಒಂದು ಡಿಗ್ರಿ ಹೆಚ್ಚುಕಡಿಮೆ ಇರುವುದು ಸಾಮಾನ್ಯ. ಇದ್ದರೆ ಅದನ್ನೂ ಬೋರ್ಡ್ ಮೇಲೆ ಬರೆಸಿ, ಮುಚ್ಚಿಡಬೇಡಿ.

ಈಗ ಒಂದು ಥರ್ಮಾಮೀಟರ್ ಮುಟ್ಟದೆ ಹಾಗೇ ಬಿಟ್ಟು ಕೇಳಿ: ಫ್ಯಾನ್ ಹಚ್ಚಿದರೆ ಇದು ಎಷ್ಟಕ್ಕೆ ಇಳಿಯುತ್ತದೆ? ಇಳಿಯುತ್ತದೆಯೇ ಎಂದು ಕೇಳಬೇಡಿ, ಕೇಳುವ ಧಾಟಿಯಲ್ಲೇ ಉತ್ತರ ಬಿಟ್ಟುಕೊಟ್ಟ ಹಾಗಾಗುತ್ತದೆ. ‘ಎರಡು ಡಿಗ್ರಿ ಇಳೀತದ್ರಿ ಸರ್’, ‘ಐದು ಇಳೀತದ್ರಿ’ ಎಂದು ಕೂಗುತ್ತಾರೆ. ಎಲ್ಲ ಊಹೆಗಳನ್ನೂ ಬೋರ್ಡ್ ಮೇಲೆ ಬರೆಸಿ. ಫ್ಯಾನ್ ಹಚ್ಚಿ. ಕರೆಂಟ್ ಹೋಗಿದ್ದರೆ ಇಬ್ಬರು ಹುಡುಗರು ಅಟ್ಟೆಯಿಂದ ಬೀಸಲಿ. ಮೂರು ನಿಮಿಷ ಕಾಯಿರಿ. ಒಬ್ಬ ಹುಡುಗಿ ಬಂದು ಓದಿ ಗಟ್ಟಿಯಾಗಿ ಹೇಳಲಿ. ಕೋಣೆ 33 ಇದ್ದರೆ ಅದು 33ನ್ನೇ ತೋರಿಸುತ್ತದೆ.

ಈ ಹೊತ್ತಿನಲ್ಲಿ ಕೋಣೆಯಲ್ಲಿ ಗದ್ದಲ ಏಳುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಎನ್ನುತ್ತಾರೆ. ಒಳ್ಳೆಯದೇ. ಎರಡನೆಯದನ್ನೂ ಹಿಡಿದು ತೋರಿಸಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಮಲಗಿ ಬೆಳೆದ ಮಕ್ಕಳು ಇವರು. ಫ್ಯಾನ್ ತಣ್ಣನೆ ಗಾಳಿ ಕೊಡುತ್ತದೆ ಎನ್ನುವುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಫ್ಯಾನ್ ಗಾಳಿಯನ್ನು ಓಡಾಡಿಸುತ್ತದೆ ಅಷ್ಟೇ, ತಣ್ಣಗೆ ಮಾಡುವುದಿಲ್ಲ. ಹಾಗಾದರೆ ನಮಗೆ ತಣ್ಣಗೆ ಅನ್ನಿಸುವುದು ಯಾಕೆ? ಉತ್ತರ ಹೇಳದೆ ಮುಂದಿನ ಹೆಜ್ಜೆಗೆ ಹೋಗಿ.

ಇದು ಕೆಡುವುದು ಒಂದೇ ರೀತಿಯಲ್ಲಿ. ಯಾರೋ ಥರ್ಮಾಮೀಟರಿನ ಬುಡವನ್ನು ಕೈಯಲ್ಲಿ ಹಿಡಿದಿರುತ್ತಾರೆ, ಇಲ್ಲವೇ ಬೆವರಿನ ಬೆರಳು ತಾಗಿರುತ್ತದೆ. ಮೈ ಬಿಸಿಯಿಂದ ಏರಿದ ಥರ್ಮಾಮೀಟರ್ ಫ್ಯಾನ್ ಹಚ್ಚಿದ ಕೂಡಲೇ ಕೋಣೆಯ ಮಟ್ಟಕ್ಕೆ ಇಳಿಯುತ್ತದೆ. ‘ನೋಡ್ರಿ, ಇಳೀತು’ ಎನ್ನುತ್ತಾರೆ, ನಿಮ್ಮ ಪ್ರಯೋಗ ಅಲ್ಲಿಗೇ ಮುಗಿಯಿತು. ಹಾಗಾಗಿ ದಾರದಲ್ಲಿ ನೇತುಹಾಕುವುದನ್ನು ಮರೆಯಬೇಡಿ.

ಎರಡನೆಯ ಥರ್ಮಾಮೀಟರಿನ ಬುಡಕ್ಕೆ ಹಳೆಯ ಪಂಚೆಯ ಬಟ್ಟೆಯ ಒಂದು ಪಟ್ಟಿ ಸುತ್ತಿ, ನೀರಿನಲ್ಲಿ ಅದ್ದಿ. ಈ ನೀರು ಬೆಳಿಗ್ಗೆಯಿಂದ ಅದೇ ಕೋಣೆಯಲ್ಲಿ ಬಾಟಲಿಯಲ್ಲಿ ಇದ್ದದ್ದಾಗಿರಬೇಕು. ಗಡಿಗೆಯಿಂದ ತೆಗೆದ ನೀರು ಹಾಕಿದರೆ ‘ನೀರೇ ತಣ್ಣಗಿತ್ತು’ ಎಂದು ಹಿಂದಿನ ಸಾಲಿನವರು ಹೇಳುತ್ತಾರೆ, ಹೇಳಬೇಕಾದದ್ದೇ. ನೀರಿನ ಉಷ್ಣತೆಯನ್ನೂ ಮೊದಲು ಅಳೆದು ಬರೆಸಿ. ಈಗ ಫ್ಯಾನ್ ಎದುರು ಹಿಡಿಯಿರಿ. ಐದು ನಿಮಿಷದಲ್ಲಿ ಕೆಂಪು ಗೆರೆ ಇಳಿಯುತ್ತಾ ಹೋಗುವುದು ಕಣ್ಣಿಗೆ ಕಾಣುತ್ತದೆ. ಫೆಬ್ರವರಿ ಕೊನೆಯ ಮಧ್ಯಾಹ್ನ, ಗಾಳಿ 33 ಡಿಗ್ರಿ ಇದ್ದು ತೇವಾಂಶ ಶೇ 30ರ ಆಸುಪಾಸಿನಲ್ಲಿದ್ದರೆ, ಅದು 21ರ ಹತ್ತಿರ ಬಂದು ನಿಲ್ಲುತ್ತದೆ. ಹನ್ನೆರಡು ಡಿಗ್ರಿ ವ್ಯತ್ಯಾಸ! ಒಂದೇ ಕೋಣೆ, ಒಂದೇ ಗಾಳಿ, ಒಂದು ತುಂಡು ಒದ್ದೆ ಬಟ್ಟೆ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಇಡೀ ಭಾಷಣ ನಿಂತಿರುವುದೇ ಇಲ್ಲಿ. ನೀರಿನ ಕಣಗಳಲ್ಲಿ ಜೋರಾಗಿ ಓಡುವವು ಬಟ್ಟೆ ಬಿಟ್ಟು ಗಾಳಿಗೆ ಹಾರಿ ಹೋಗುತ್ತವೆ. ಉಳಿದವು ನಿಧಾನದವು, ಹಾಗಾಗಿ ಬಟ್ಟೆ ತಣ್ಣಗಾಗುತ್ತದೆ. ಇಷ್ಟು ಪುಸ್ತಕದಲ್ಲೇ ಇದೆ. ಪುಸ್ತಕದಲ್ಲಿ ಇಲ್ಲದ ಪ್ರಶ್ನೆಯನ್ನು ನೀವು ಕೇಳಿ: ಹಾಗಿದ್ದರೆ 21ಕ್ಕೇ ಯಾಕೆ ನಿಂತಿತು? ಇನ್ನೂ ನೀರಿದೆಯಲ್ಲ, ಇಳಿಯುತ್ತಲೇ ಹೋಗಿ ಮಂಜುಗಡ್ಡೆ ಆಗಬೇಕಿತ್ತಲ್ವಾ?

ಸ್ವಲ್ಪ ಹೊತ್ತು ಯೋಚಿಸಲು ಬಿಟ್ಟರೆ ಯಾರಾದರೂ ಹತ್ತಿರ ಬರುತ್ತಾರೆ. ಬಟ್ಟೆ ತಣ್ಣಗಾದಷ್ಟೂ ಸುತ್ತಲಿನ ಬಿಸಿ ಗಾಳಿಯಿಂದ ಅದಕ್ಕೆ ಶಾಖ ಜಾಸ್ತಿ ಬರುತ್ತದೆ. ಜೊತೆಗೆ ತಣ್ಣಗಿನ ನೀರಿನಿಂದ ಹಾರುವ ಕಣಗಳೂ ಕಡಿಮೆಯಾಗುತ್ತವೆ. ಹೋಗುವ ಶಾಖ, ಬರುವ ಶಾಖ ಸಮ ಆದಲ್ಲಿ ಗೆರೆ ನಿಲ್ಲುತ್ತದೆ. ಆ ನಿಲ್ಲುವ ಜಾಗ ಎಷ್ಟು ಕೆಳಗಿದೆ ಎನ್ನುವುದನ್ನು ಗಾಳಿಯ ಒಣತನ ತೀರ್ಮಾನಿಸುತ್ತದೆ. ಗಾಳಿಯಲ್ಲಿ ಮೊದಲೇ ಆವಿ ತುಂಬಿದ್ದರೆ, ಹಾರಿಹೋದಷ್ಟೇ ಕಣಗಳು ವಾಪಸ್ ಬಂದು ಕೂರುತ್ತವೆ. ಆಗ ತಂಪೂ ಇಲ್ಲ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸಿಬಿಡಿ. ಒದ್ದೆ ಬಟ್ಟೆಯ ಥರ್ಮಾಮೀಟರಿಗೆ ಒಂದು ಪ್ಲಾಸ್ಟಿಕ್ ಚೀಲ ಹಾಕಿ, ಒಳಗೆ ಇನ್ನೊಂದು ಒದ್ದೆ ಬಟ್ಟೆ ಇಟ್ಟು, ಬಾಯಿ ಬಿಗಿಯಾಗಿ ಕಟ್ಟಿ. ಮೊದಲು ಊಹೆ ಕೇಳಿ. ನೀರು ಜಾಸ್ತಿ ಆಯಿತು, ಇನ್ನೂ ಇಳಿಯುತ್ತದೆ ಎನ್ನುವವರೇ ಹೆಚ್ಚು. ಹತ್ತು ನಿಮಿಷದಲ್ಲಿ ಅದು ಕೋಣೆಯ ಉಷ್ಣತೆಯ ಕಡೆಗೆ ಏರುತ್ತಾ ಬರುತ್ತದೆ. ಈ ಹತ್ತು ನಿಮಿಷ ಸುಮ್ನೆ ಕಾಯಬೇಡಿ. ಆಗಲೇ ಗಡಿಗೆಯನ್ನು ಒಳಗೆ ತರಿಸಿ.

ಗಡಿಗೆಯ ಮೈ ಮುಟ್ಟಿ ನೋಡಲು ಇಬ್ಬರು ಮೂವರನ್ನು ಕರೆಯಿರಿ. ಕೈಗೆ ತೇವ ಹತ್ತುತ್ತದೆ. ಸುಟ್ಟ ಮಣ್ಣಿನ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಹೊರಮೈಗೆ ಬಂದು ಆರುತ್ತದೆ. ಅಂದರೆ ಗಡಿಗೆಯೇ ದೊಡ್ಡದೊಂದು ಒದ್ದೆ ಥರ್ಮಾಮೀಟರ್. ಆವಿಯಾಗುವುದಕ್ಕೆ ಎಷ್ಟು ನೀರು ಖರ್ಚಾಯಿತು? ಈ ಲೆಕ್ಕವನ್ನು 10ನೇ ತರಗತಿಯವರಿಂದ ಬೋರ್ಡ್ ಮೇಲೆ ಮಾಡಿಸಿ. ಗಡಿಗೆಯಲ್ಲಿ 10 ಲೀಟರ್, ಅಂದರೆ 10 ಕೆ.ಜಿ. ನೀರು. ಅದು 32ರಿಂದ 24 ಡಿಗ್ರಿಗೆ ಇಳಿಯಬೇಕು, ಎಂಟು ಡಿಗ್ರಿ. ಒಂದು ಕೆ.ಜಿ. ನೀರು ಒಂದು ಡಿಗ್ರಿ ಇಳಿಯಲು 4,200 ಜೂಲ್ ಶಾಖ ಹೊರಹೋಗಬೇಕು. ಒಟ್ಟು 3,36,000 ಜೂಲ್. ಒಂದು ಕೆ.ಜಿ. ನೀರು ಆವಿಯಾಗುವಾಗ ಸುಮಾರು 24 ಲಕ್ಷ ಜೂಲ್ ಹೊತ್ತುಕೊಂಡು ಹೋಗುತ್ತದೆ. ಭಾಗಿಸಿದರೆ 0.14 ಕೆ.ಜಿ., ಅಂದರೆ 140 ಮಿಲಿಲೀಟರ್. ಹತ್ತು ಲೀಟರ್ ನೀರನ್ನು ಇಷ್ಟು ತಣ್ಣಗೆ ಮಾಡಲು ಒಂದು ಲೋಟಕ್ಕಿಂತ ಕಡಿಮೆ ನೀರು ಸಾಕು.

ಚುರುಕು ಮಕ್ಕಳು ಇದ್ದರೆ, ಪುಸ್ತಕದಲ್ಲಿ 22.5 ಲಕ್ಷ ಇದೆಯಲ್ಲ ಎಂದು ಕೇಳುತ್ತಾರೆ. ಅದು 100 ಡಿಗ್ರಿಯಲ್ಲಿ ಕುದಿಯುವ ನೀರಿನ ಲೆಕ್ಕ. ತಣ್ಣಗಿನ ನೀರಿನಿಂದ ಕಣ ಬಿಡಿಸಿಕೊಂಡು ಹೋಗಲು ಇನ್ನಷ್ಟು ಶಾಖ ಬೇಕು. ಇನ್ನೊಬ್ಬರು, ನಮ್ಮ ಮನೆಯಲ್ಲಿ ಗಡಿಗೆ ನೀರು ದಿನಕ್ಕೆ ಇದಕ್ಕಿಂತ ಜಾಸ್ತಿ ಕಮ್ಮಿಯಾಗುತ್ತದೆ ಎನ್ನಬಹುದು. ಅವರ ಮಾತೂ ನಿಜ. ದಿನವಿಡೀ ಬಿಸಿ ಗಾಳಿ ಗಡಿಗೆಗೆ ಶಾಖ ಕೊಡುತ್ತಲೇ ಇರುತ್ತದೆ, ಅದನ್ನು ಹೊರಹಾಕಲು ಬೇರೆ ನೀರು ಬೇಕು. ನಮ್ಮ 140 ಮಿಲಿಲೀಟರ್ ಮೊದಲ ಸಲ ತಣಿಯುವುದಕ್ಕಷ್ಟೇ.

ಹಳೆಯ ಗಡಿಗೆಯ ಹೊರಮೈ ಮೇಲೆ ಬಿಳಿ ಪೊರೆ ಕಟ್ಟಿರುವುದನ್ನು ಅವರೆಲ್ಲ ನೋಡಿರುತ್ತಾರೆ. ಈ ಭಾಗದ ಕೊಳವೆಬಾವಿ ನೀರು ಗಡಸು. ನೀರು ಹಾರಿಹೋಗುತ್ತದೆ, ಅದರಲ್ಲಿದ್ದ ಸುಣ್ಣ ಮತ್ತು ಉಪ್ಪು ಮಣ್ಣಿನ ರಂಧ್ರದಲ್ಲಿ ಕೂರುತ್ತವೆ. ವರ್ಷ ಕಳೆದ ಗಡಿಗೆ ಮೊದಲಿನಷ್ಟು ತಣ್ಣಗೆ ಮಾಡುವುದಿಲ್ಲ ಎಂದು ಮನೆಯಲ್ಲಿ ಅಜ್ಜಿ ಹೊಸದು ತರಿಸುವುದು ಇದೇ ಕಾರಣಕ್ಕೆ. ಹೊರಗೆ ಎಣ್ಣೆ ಬಣ್ಣ ಬಳಿದ ಚಂದದ ಗಡಿಗೆಯೂ ಅಷ್ಟೇ, ಅದು ತಣ್ಣಗೆ ಮಾಡುವುದಿಲ್ಲ.

ಇಷ್ಟು ಹೊತ್ತಿಗೆ ಚೀಲದೊಳಗಿನ ಥರ್ಮಾಮೀಟರ್ ಏರಿರುತ್ತದೆ. ಅದನ್ನು ಓದಿಸಿ, ಕೂಲರ್ ಮಾತಿಗೆ ಬನ್ನಿ. ಏಪ್ರಿಲ್‌ನಲ್ಲಿ ಕಲಬುರಗಿಯ ಗಾಳಿ 40 ಡಿಗ್ರಿ, ತೇವಾಂಶ ಶೇ 20 ಇದ್ದರೆ ಒದ್ದೆ ಥರ್ಮಾಮೀಟರ್ 23ರ ಹತ್ತಿರ ನಿಲ್ಲುತ್ತದೆ. ಮಂಗಳೂರಿನಲ್ಲಿ 33 ಡಿಗ್ರಿ, ಶೇ 70 ತೇವಾಂಶ ಇದ್ದರೆ 28ಕ್ಕೇ ನಿಂತುಬಿಡುತ್ತದೆ. ಇಲ್ಲಿ 17 ಡಿಗ್ರಿ ಇಳಿಯಲು ಜಾಗವಿದೆ, ಅಲ್ಲಿ ಐದೇ. ಅದಕ್ಕೇ ನೀರಿನ ಕೂಲರ್ ಕಲಬುರಗಿಯಲ್ಲಿ ಕೆಲಸ ಮಾಡುತ್ತದೆ, ಕರಾವಳಿಯಲ್ಲಿ ಮೈ ಅಂಟಂಟು ಮಾಡುತ್ತದೆ. ಕೂಲರ್ ಹಚ್ಚಿ ಕಿಟಕಿ ಬಾಗಿಲು ಎಲ್ಲ ಮುಚ್ಚಿದರೆ ಸ್ವಲ್ಪ ಹೊತ್ತಿಗೇ ಕೋಣೆ ಆ ಪ್ಲಾಸ್ಟಿಕ್ ಚೀಲದಂತಾಗುತ್ತದೆ. ಮನೆಯಲ್ಲಿ ಕಿಟಕಿ ಮುಚ್ಚು, ತೆರೆ ಎಂಬ ಜಗಳ ನಡೆಯುತ್ತಿದ್ದರೆ, ತೆರೆ ಎನ್ನುವವರು ಗೆದ್ದರು.

ಒಂದು ಎಚ್ಚರಿಕೆ. ‘ಯಾರ ಮನೆಯಲ್ಲಿ ಕೂಲರ್ ಇದೆ, ಫ್ರಿಜ್ ಇದೆ, ಕೈ ಎತ್ತಿ’ ಎಂದು ಮಾತ್ರ ಕೇಳಬೇಡಿ. ಕೈ ಎತ್ತದವರು ಆಮೇಲೆ ನಿಮ್ಮ ಮಾತು ಕೇಳುವುದಿಲ್ಲ. ‘ಕೂಲರ್ ಎಲ್ಲೆಲ್ಲಿ ನೋಡಿದ್ದೀರಿ?’ ಎಂದರೆ ಆಸ್ಪತ್ರೆ, ಮದುವೆ ಮಂಟಪ, ಬಟ್ಟೆ ಅಂಗಡಿ ಎಂದು ಎಲ್ಲರೂ ಹೇಳುತ್ತಾರೆ.

ಇನ್ನು ಮೋಡ. ಈಗ ದಾರಿ ತೆರೆದಿದೆ. ಮುಂಗಾರಿಗೆ ಮೊದಲು, ಏಪ್ರಿಲ್–ಮೇ ಸಂಜೆಯಲ್ಲಿ ಆಗುವುದನ್ನು ಅವರ ಬಾಯಿಂದಲೇ ಹೇಳಿಸಿ. ಮಧ್ಯಾಹ್ನ ಉರಿಬಿಸಿಲು. ಸಂಜೆ ಒಂದು ಕಡೆ ಮೋಡ ಕಪ್ಪಾಗುತ್ತದೆ. ಇದ್ದಕ್ಕಿದ್ದಂತೆ ದೂಳು ಎಬ್ಬಿಸಿಕೊಂಡು ತಣ್ಣನೆಯ ಗಾಳಿ ನುಗ್ಗುತ್ತದೆ. ಒಣಗಲು ಹಾಕಿದ್ದ ಹಪ್ಪಳ, ಬಟ್ಟೆ ಎತ್ತಿಕೊಳ್ಳಲು ಎಲ್ಲರೂ ಮಾಳಿಗೆಗೆ ಓಡುತ್ತಾರೆ. ಆಮೇಲೆ ಎಷ್ಟೋ ಸಲ ನಾಲ್ಕು ಹನಿ ಬಿದ್ದು ಮುಗಿದುಹೋಗುತ್ತದೆ. ಮಳೆಯೇ ಬೀಳದಿದ್ದರೂ ಆ ಗಾಳಿ ಮಾತ್ರ ತಣ್ಣಗಿತ್ತು. ಎಲ್ಲಿಂದ ಬಂತು ಆ ತಂಪು?

ಇದು ನಿಮ್ಮ ಕ್ಷೇತ್ರ, ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಆದರೂ ನಾನು ಹೇಳುವ ಕ್ರಮ ಇದು. ಅಂಥ ಒಣ ದಿನ ಮೋಡದ ತಳ ನೆಲದಿಂದ ಸುಮಾರು 3 ಕಿಲೋಮೀಟರ್ ಮೇಲಿರುತ್ತದೆ. ಮಳೆಹನಿ ಅಷ್ಟು ದೂರ ಒಣ ಗಾಳಿಯಲ್ಲೇ ಇಳಿದು ಬರಬೇಕು. ದಾರಿಯಲ್ಲಿ ಅದು ಆರುತ್ತಾ ಬರುತ್ತದೆ, ಆರುವಾಗ ಸುತ್ತಲಿನ ಗಾಳಿಯಿಂದ ಶಾಖ ಕಿತ್ತುಕೊಳ್ಳುತ್ತದೆ. ತಣ್ಣಗಾದ ಗಾಳಿ ಭಾರ, ಅದು ಕೆಳಗೆ ಕುಸಿದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತದೆ. ಆಲಿಕಲ್ಲು ಕರಗುವುದೂ ಇದಕ್ಕೆ ಸ್ವಲ್ಪ ಸೇರುತ್ತದೆ. ಮಕ್ಕಳ ಮುಖಕ್ಕೆ ಹೊಡೆದ ತಂಪು ಗಾಳಿ, ಅವರ ಊರಿಗೆ ತಲುಪದ ಮಳೆಯ ಗಾಳಿ. ಗಡಿಗೆಯ ಮೈ ಮೇಲೆ ಆದದ್ದೇ ಆಕಾಶದಲ್ಲಿ ಆಗಿದೆ. ಇಷ್ಟಾದ ಮೇಲೆ ನಿಮ್ಮ ಒಂದೆರಡು ಚಿತ್ರ ತೋರಿಸಿ: ಮೋಡದ ತಳದಿಂದ ಜೋಲಾಡುತ್ತಾ ನೆಲ ಮುಟ್ಟುವ ಮೊದಲೇ ಮಾಯವಾಗುವ ಮಳೆಯ ಪರದೆ. ಅದನ್ನು ಅವರು ಹೊಲದಲ್ಲಿ ನಿಂತು ನೋಡಿರುತ್ತಾರೆ. ನಿಮ್ಮ ಕೆಲಸ ಏನು, ಮೋಡದ ಹನಿಯನ್ನು ಯಾಕೆ ಅಳೆಯುತ್ತೀರಿ ಎಂದು ಈಗ ಹೇಳಿದರೆ ಕಿವಿಗೆ ಬೀಳುತ್ತದೆ. ಮೊದಲ ಹತ್ತು ನಿಮಿಷದಲ್ಲಿ ಹೇಳಿದ್ದರೆ ಬೀಳುತ್ತಿರಲಿಲ್ಲ.

ಹವಾಮಾನದ ಬಗ್ಗೆ ಒಂದು ಮಾತು. ಫೆಬ್ರವರಿಯ ಮಧ್ಯಾಹ್ನಕ್ಕೆ ಈ ಪ್ರಯೋಗ ಹೇಳಿ ಮಾಡಿಸಿದ ಹಾಗಿದೆ. ಬೆಳಿಗ್ಗೆ 10ಕ್ಕೆ ಇಟ್ಟರೆ ಗಾಳಿ ಇನ್ನೂ ತಂಪಾಗಿದ್ದು ವ್ಯತ್ಯಾಸ ಕಡಿಮೆ ಇರುತ್ತದೆ. ಸಾಧ್ಯವಾದರೆ ಊಟದ ನಂತರದ ಅವಧಿ ಕೇಳಿ. ಇದನ್ನೇ ಆಗಸ್ಟ್‌ನಲ್ಲಿ ಜಡಿಮಳೆ ಹಿಡಿದ ದಿನ ಮಾಡಿದರೆ ಒದ್ದೆ ಥರ್ಮಾಮೀಟರ್ ಒಂದೆರಡು ಡಿಗ್ರಿ ಇಳಿದು ನಿಲ್ಲುತ್ತದೆ. ಬಟ್ಟೆ ಅರ್ಧ ಒಣಗಿದರೂ ಹಾಗೇ, ಗೆರೆ ನಿಧಾನಕ್ಕೆ ಮೇಲೇರಲು ಶುರುವಾಗುತ್ತದೆ. ಹಾಗೇರಿದರೆ ಮತ್ತೆ ನೀರು ಹಾಕಿ ನೋಡಿ, ಇಳಿದರೆ ಬಟ್ಟೆಯದೇ ತಪ್ಪು.

ಕೊನೆಗೆ ಫ್ಯಾನ್ ಪ್ರಶ್ನೆಯನ್ನು ಅವರೇ ನೆನಪಿಸುತ್ತಾರೆ. ಥರ್ಮಾಮೀಟರ್ ಒಣ, ನಮ್ಮ ಮೈ ಬೆವರಿನದು. ಫ್ಯಾನ್ ತಣ್ಣಗೆ ಮಾಡುವುದು ಮುಖ್ಯವಾಗಿ ಬೆವರು ಆರಿಸಿ. ‘ಹಂಗಾದ್ರ ಒದ್ದೆ ಥರ್ಮಾಮೀಟರೇ ಮೈಯಷ್ಟು ಬಿಸಿ ಆದ್ರ ಏನ್ರಿ?’ ಎಂದು ಯಾರಾದರೂ ಕೇಳಿದರೆ, ಆ ಮಗುವನ್ನು ಕೂರಿಸದೆ ನೇರ ಉತ್ತರ ಕೊಡಿ. ಒದ್ದೆ ಥರ್ಮಾಮೀಟರ್ 35 ಮುಟ್ಟಿದರೆ ಬೆವರಿನಿಂದ ಮೈ ತಣಿಯುವುದೇ ನಿಂತಂತೆ, ಬಹಳ ಹೊತ್ತು ಬದುಕಲು ಆಗುವುದಿಲ್ಲ. ಅದಕ್ಕಿಂತ ಸಾಕಷ್ಟು ಕೆಳಗೇ ಅಪಾಯ ಶುರುವಾಗುತ್ತದೆ. ಕಲಬುರಗಿಯ ಒಣ ಬೇಸಿಗೆಯಲ್ಲಿ ಬೆವರು ಚೆನ್ನಾಗಿಯೇ ಆರುತ್ತದೆ, ಮೈಯಲ್ಲಿ ನೀರು ಖಾಲಿಯಾಗುವುದೇ ಇಲ್ಲಿನ ತೊಂದರೆ. ಮೈಗೆ ಬೆವರು ಹತ್ತುವ ಮೊದಲೇ ಆರಿಬಿಡುವುದರಿಂದ ಎಷ್ಟು ನೀರು ಹೋಯಿತೆಂದು ಗೊತ್ತೇ ಆಗುವುದಿಲ್ಲ. ಬೇಸಿಗೆಯಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುವುದನ್ನು ಅವರು ನೋಡಿದ್ದಾರೆ, ಅದನ್ನೂ ಇಲ್ಲೇ ಸೇರಿಸಿ.

ಹೊರಡುವಾಗ ನೆನಪಿನ ಕಾಣಿಕೆ ಕೊಡುವ ಆಸೆ ಇದ್ದರೆ ಎರಡು ಥರ್ಮಾಮೀಟರ್ ಕೊಡಿ, ಪಾದರಸದ್ದು ಬೇಡ, ಒಡೆದರೆ ಕಷ್ಟ. ಒಂದು ಒಣ, ಒಂದು ಒದ್ದೆ, ನೆರಳಿರುವ ಗೋಡೆಗೆ ಜೋಡಿಸಿ, ಒದ್ದೆಯದರ ಬಟ್ಟೆಯ ತುದಿ ಒಂದು ಸಣ್ಣ ಶೀಷೆಯ ನೀರಿನಲ್ಲಿ ಮುಳುಗಿರಲಿ. ಮಧ್ಯಾಹ್ನದ ಊಟಕ್ಕೆ ಮೊದಲು ಇಬ್ಬರು ಬೀಸಣಿಗೆ ಬೀಸಿ ಎರಡನ್ನೂ ಓದಿ ಬರೆಯಲಿ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚಿದ ಮೇಲೆ ಶಾಲೆಯ ಹತ್ತಿರ ಮನೆ ಇರುವವರಿಗೆ ಆ ಕೆಲಸ ಒಪ್ಪಿಸಲು ವಿಜ್ಞಾನ ಶಿಕ್ಷಕರಿಗೆ ಹೇಳಿ. ಅತಿ ಹೆಚ್ಚು ವ್ಯತ್ಯಾಸ ಬರುವುದು ಆ ರಜೆಯ ದಿನಗಳಲ್ಲೇ. ಜೂನ್‌ನಲ್ಲಿ ಮಳೆಗಾಲ ಬಂದ ವಾರ ಎರಡು ಗೆರೆಗಳು ಹತ್ತಿರವಾಗುತ್ತವೆ. ಆ ಹಾಳೆಯ ಫೋಟೋ ನಿಮಗೆ ಕಳಿಸಲು ಹೇಳಿ ಬನ್ನಿ. ನಿಮ್ಮ ಸಂಸ್ಥೆಯ ಉಪಕರಣಗಳು ಆ ದಿನ ಏನು ಹೇಳಿದವು ಎಂದು ಪಕ್ಕದಲ್ಲಿ ಬರೆದು ವಾಪಸ್ ಕಳಿಸಬಹುದು.